ಹೊಸ ಎಸ್‌ಎಸ್‌ಡಿ ಹಾಕಿದ ಮೇಲೆ ಹಾರ್ಡ್ ಡಿಸ್ಕ್ ಕಾಣ್ತಿಲ್ವಾ? ಮದರ್‌ಬೋರ್ಡಿನ ಲೇನ್ ಲೆಕ್ಕ ನೋಡಿ

ಎರಡನೇ ಎಂ.2 ಸ್ಲಾಟಿಗೆ ಹೊಸ ಎಸ್‌ಎಸ್‌ಡಿ ಹಾಕಿ ಕಂಪ್ಯೂಟರ್ ಆನ್ ಮಾಡುತ್ತೀರಿ. ಎಸ್‌ಎಸ್‌ಡಿ ಸರಿಯಾಗಿಯೇ ಕಾಣುತ್ತದೆ. ಆದರೆ ನಿನ್ನೆಯವರೆಗೆ ಇದ್ದ ಒಂದೋ ಎರಡೋ ಹಾರ್ಡ್ ಡಿಸ್ಕ್ ಮಾಯ. ವಿಂಡೋಸ್‌ನಲ್ಲೂ ಇಲ್ಲ, ಬಯೋಸ್‌ನಲ್ಲೂ ಇಲ್ಲ. ಡಿಸ್ಕ್ ಕೆಟ್ಟಿತು ಎಂದು ಹೆಚ್ಚಿನವರು ಮೊದಲು ಅಂದುಕೊಳ್ಳುವುದು ಸಹಜ. ಎಷ್ಟೋ ಸಲ ಡಿಸ್ಕ್‌ಗೆ ಏನೂ ಆಗಿರುವುದಿಲ್ಲ. ಅದು ಕೂತಿದ್ದ ಪೋರ್ಟನ್ನು ಮದರ್‌ಬೋರ್ಡ್ ತಾನೇ ಆಫ್ ಮಾಡಿರುತ್ತದೆ, ಅಷ್ಟೇ.

ಯಾಕೆ ಹೀಗೆ, ಯಾವುದು ಆಫ್ ಆಗುತ್ತದೆ, ಮೊದಲೇ ತಿಳಿಯುವುದು ಹೇಗೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಉದಾಹರಣೆಗೆ ತೆಗೆದುಕೊಂಡಿರುವುದು ಎಎಂಡಿಯ ಬಿ550 ಬೋರ್ಡ್. ಮಂಗಳೂರು, ಉಡುಪಿ ಕಡೆ ವಿಡಿಯೋ ಎಡಿಟಿಂಗ್ ಮಾಡುವವರ ಹತ್ತಿರ, ಮಣಿಪಾಲದ ಹುಡುಗರ ಗೇಮಿಂಗ್ ಪಿಸಿಗಳಲ್ಲಿ ನನಗೆ ಜಾಸ್ತಿ ಸಿಗುವುದು ಇದೇ.

ಮೊದಲು ಲೆಕ್ಕ: 16, 4, 4

ಪಿಸಿಐಇ ಲೇನ್ ಅಂದರೆ ಪ್ರೊಸೆಸರ್ ಮತ್ತು ಒಂದು ಸಾಧನದ ನಡುವೆ ಡೇಟಾ ಹೋಗಿಬರುವ ದಾರಿ. ಒಂದು ಲೇನ್‌ನಲ್ಲಿ ಹೋಗಲಿಕ್ಕೆ ಒಂದು ಜೋಡಿ ತಂತಿ, ಬರಲಿಕ್ಕೆ ಇನ್ನೊಂದು ಜೋಡಿ. ಜೆನ್ 3ರಲ್ಲಿ, ಅಂದರೆ ಪಿಸಿಐಇಯ ಮೂರನೇ ತಲೆಮಾರಿನಲ್ಲಿ, ಒಂದು ಲೇನ್ ಸೆಕೆಂಡಿಗೆ ಸುಮಾರು 1 ಜಿಬಿ ಸಾಗಿಸುತ್ತದೆ. ಜೆನ್ 4ರಲ್ಲಿ ಅದರ ಎರಡು ಪಟ್ಟು, ಜೆನ್ 5ರಲ್ಲಿ ನಾಲ್ಕು ಪಟ್ಟು. ನಾವು ಹಾಕುವ ಎನ್‌ವಿಎಂಇ ಎಸ್‌ಎಸ್‌ಡಿಗೆ ಸಾಮಾನ್ಯವಾಗಿ ನಾಲ್ಕು ಲೇನ್ ಬೇಕು. ದೊಡ್ಡ ಗ್ರಾಫಿಕ್ಸ್ ಕಾರ್ಡಿಗೆ ಹದಿನಾರು.

ರೈಜನ್ 5 5600ಎಕ್ಸ್ ತರಹದ ಪ್ರೊಸೆಸರಿನಲ್ಲಿ ಒಟ್ಟು 24 ಲೇನ್ ಇವೆ, ಎಲ್ಲವೂ ಜೆನ್ 4. ಅದರಲ್ಲಿ 16 ನೇರವಾಗಿ ಮೇಲಿನ ಗ್ರಾಫಿಕ್ಸ್ ಸ್ಲಾಟಿಗೆ ಹೋಗುತ್ತವೆ. ನಾಲ್ಕು ಮೊದಲನೇ ಎಂ.2 ಸ್ಲಾಟಿಗೆ. ಉಳಿದ ನಾಲ್ಕು ಚಿಪ್‌ಸೆಟ್‌ಗೆ, ಅಂದರೆ ಬೋರ್ಡಿನ ಉಳಿದ ಸ್ಲಾಟು, ಪೋರ್ಟ್‌ಗಳನ್ನು ನೋಡಿಕೊಳ್ಳುವ ಚಿಪ್‌ಗೆ. ಪ್ರೊಸೆಸರ್ ಕೊಡುವುದು ಇಷ್ಟೇ.

ಹಾಗಾದರೆ ಎರಡನೇ ಎಂ.2, ಕೆಳಗಿನ ಉದ್ದ ಸ್ಲಾಟ್, ಚಿಕ್ಕ ಸ್ಲಾಟ್‌ಗಳು, ಹಾರ್ಡ್ ಡಿಸ್ಕ್ ಕೇಬಲ್ ಹಾಕುವ ಆರು ಸಾಟಾ ಪೋರ್ಟ್, ಲ್ಯಾನ್ ಇವೆಲ್ಲ ಎಲ್ಲಿಂದ ಬರುತ್ತವೆ? ಚಿಪ್‌ಸೆಟ್‌ನಿಂದ. ಯುಎಸ್‌ಬಿ ಪೋರ್ಟ್‌ಗಳಲ್ಲೂ ಕೆಲವು ಅಲ್ಲಿಂದಲೇ. ಚಿಪ್‌ಸೆಟ್‌ಗೆ ತನ್ನದೇ ಲೇನ್‌ಗಳಿವೆ, ಆದರೆ ಪ್ರೊಸೆಸರ್ ತಲುಪಲು ಅದಕ್ಕಿರುವುದು ಆ ನಾಲ್ಕು ಲೇನ್ ಮಾತ್ರ. ಉಳ್ಳಾಲ, ತೊಕ್ಕೊಟ್ಟು ಕಡೆಯಿಂದ ಹೆದ್ದಾರಿಯಲ್ಲಿ ಮಂಗಳೂರಿಗೆ ಬರುವವರೆಲ್ಲ ನೇತ್ರಾವತಿ ಸೇತುವೆ ದಾಟಲೇಬೇಕಲ್ವಾ, ಹಾಗೆ. ಬಿ550ರಲ್ಲಿ ಈ ಕೊಂಡಿ ಓಡುವುದು ಜೆನ್ 3 ವೇಗದಲ್ಲಿ. ಪ್ರೊಸೆಸರ್ ಜೆನ್ 4 ಆಗಿದ್ದರೂ ಅಷ್ಟೇ. ಅಂದರೆ ಸೆಕೆಂಡಿಗೆ ಸುಮಾರು 3.9 ಜಿಬಿ, ಕೈಗೆ ಸಿಗುವುದು 3.5ರ ಆಸುಪಾಸು.

ಇಲ್ಲಿ ಎರಡು ಬೇರೆ ಬೇರೆ ವಿಷಯಗಳಿವೆ. ಇವನ್ನು ಕಲಸಿಕೊಂಡರೆ ಗೊಂದಲ ಖಂಡಿತ. ಒಂದು, ಹಂಚಿಕೊಳ್ಳುವುದು: ಚಿಪ್‌ಸೆಟ್ ಹಿಂದಿರುವ ಎಲ್ಲ ಸಾಧನಗಳೂ ಕೆಲಸ ಮಾಡುತ್ತವೆ, ಎಲ್ಲವೂ ಒಟ್ಟಿಗೆ ಓಡಿದಾಗ ಮಾತ್ರ ಸ್ವಲ್ಪ ನಿಧಾನ ಆಗಬಹುದು. ಇನ್ನೊಂದು, ಬದಲಾಯಿಸುವುದು: ಒಂದೇ ತಂತಿ ಎರಡು ಜಾಗಕ್ಕೆ ಹೋಗುತ್ತದೆ, ಒಂದು ಸಲಕ್ಕೆ ಒಂದು ಕಡೆ ಮಾತ್ರ ಜೀವ ಇರುತ್ತದೆ. ಮುಂದೆ ನಾನು ಲೇನ್ ಹಂಚಿಕೆ ಅನ್ನುವುದು ಈ ಎರಡನೆಯದಕ್ಕೇ. ಚಿಪ್‌ಸೆಟ್‌ನ ಕೆಲವು ಪಿನ್‌ಗಳನ್ನು ಪಿಸಿಐಇ ಆಗಿಯೂ ಬಳಸಬಹುದು, ಸಾಟಾ ಆಗಿಯೂ ಬಳಸಬಹುದು. ಬೋರ್ಡ್ ತಯಾರಿಸುವವರು ಆ ಪಿನ್‌ಗಳಿಂದ ಎರಡನೇ ಎಂ.2ಗೂ ದಾರಿ ಎಳೆಯುತ್ತಾರೆ, ಸಾಟಾ 5 ಮತ್ತು 6ಕ್ಕೂ ಎಳೆಯುತ್ತಾರೆ. ಎಂ.2ನಲ್ಲಿ ಎಸ್‌ಎಸ್‌ಡಿ ಕೂತರೆ ಆ ಎರಡು ಸಾಟಾ ಪೋರ್ಟ್ ಸತ್ತಂತೆ. ಬಯೋಸ್ ಯಾವ ಎಚ್ಚರಿಕೆಯನ್ನೂ ತೋರಿಸುವುದಿಲ್ಲ. ನನ್ನ ಪ್ರಕಾರ ಬಳಕೆದಾರರಿಗೆ ಇದು ದೊಡ್ಡ ಅನ್ಯಾಯ. ಒಂದು ಸಾಲಿನ ಸೂಚನೆ ತೋರಿಸಿದ್ದರೆ ಎಷ್ಟೋ ಜನರ ನಿದ್ದೆ ಉಳಿಯುತ್ತಿತ್ತು.

ಉಡುಪಿಯ ಒಂದು ಪಿಸಿ

ಮದುವೆ ವಿಡಿಯೋ ಮಾಡುವ ಪರಿಚಯದವರೊಬ್ಬರು ಉಡುಪಿಯಿಂದ ಫೋನ್ ಮಾಡಿದ್ದರು. "ಮಾರಾಯ್ರೆ, ಎರಡು ಡಿಸ್ಕ್ ಒಟ್ಟಿಗೆ ಹೋಯ್ತು. ಸಿಡಿಲಿಗೆ ಹೋದದ್ದಾ ಎಂತ?" ಮಳೆಗಾಲಕ್ಕೆ ಮುಂಚಿನ ಗುಡುಗಿನ ದಿನಗಳು, ಅನುಮಾನ ಬಂದದ್ದರಲ್ಲಿ ತಪ್ಪಿಲ್ಲ. ಡೇಟಾ ರಿಕವರಿಗೆ ಡಿಸ್ಕ್ ಕೊಟ್ಟು ಕಳಿಸಲು ತಯಾರಾಗಿದ್ದರು. ಮದುವೆಯವರ ವಿಡಿಯೋ, ಗಾಬರಿ ಆಗದೆ ಇರುತ್ತದಾ?

ನಾನು ಕೇಳಿದ ಮೊದಲ ಪ್ರಶ್ನೆ: "ಡಿಸ್ಕ್ ಮೇಲೆ ಕೈ ಇಟ್ಟು ನೋಡಿ, ತಿರುಗ್ತಾ ಉಂಟಾ?" ಉಂಟು ಅಂದರು. ಎರಡರಲ್ಲೂ ಸಣ್ಣ ನಡುಕ ಕೈಗೆ ಸಿಗುತ್ತಿತ್ತು, ಟಕ್ ಟಕ್ ಸದ್ದು ಇರಲಿಲ್ಲ. ಎರಡನೇ ಪ್ರಶ್ನೆ: "ಇತ್ತೀಚೆಗೆ ಒಳಗೆ ಎಂತಾದ್ರೂ ಹೊಸತು ಹಾಕಿದ್ದೀರಾ?" ಹಾಕಿದ್ದರು. 2 ಟಿಬಿಯ ಎನ್‌ವಿಎಂಇ ಎಸ್‌ಎಸ್‌ಡಿ, ಎರಡನೇ ಸ್ಲಾಟಿನಲ್ಲಿ.

ಅವರ ಪಿಸಿ ಹೀಗಿತ್ತು. 5600ಎಕ್ಸ್ ಪ್ರೊಸೆಸರ್, ಬಿ550 ಬೋರ್ಡ್, ಆರ್‌ಟಿಎಕ್ಸ್ 3060 ಕಾರ್ಡ್. ಮೊದಲ ಎಂ.2ನಲ್ಲಿ ವಿಂಡೋಸ್ ಇರುವ 500 ಜಿಬಿ ಎಸ್‌ಎಸ್‌ಡಿ. ನಾಲ್ಕು ಹಾರ್ಡ್ ಡಿಸ್ಕ್, ಸಾಟಾ 1, 2, 5, 6ರಲ್ಲಿ. 3 ಮತ್ತು 4 ಖಾಲಿ, ಯಾಕೆಂದರೆ ಗ್ರಾಫಿಕ್ಸ್ ಕಾರ್ಡಿನ ಬಾಲ ಸರಿಯಾಗಿ ಅವುಗಳ ಮುಂದೆ ಬರುತ್ತಿತ್ತು. ಜೋಡಿಸಿದವರು ಕೈಗೆ ಸುಲಭವಾಗಿ ಸಿಕ್ಕಿದ 5, 6ಕ್ಕೆ ಕೇಬಲ್ ಚುಚ್ಚಿದ್ದರು. ಅಷ್ಟರವರೆಗೆ ಅದರಿಂದ ತೊಂದರೆಯೂ ಇರಲಿಲ್ಲ.

ಇಂಥ ಪರಿಸ್ಥಿತಿಯಲ್ಲಿ ಹೀಗೆ ಮಾಡಿ.

1. ಮೊದಲು ಏನನ್ನೂ ಫಾರ್ಮ್ಯಾಟ್ ಮಾಡಬೇಡಿ. ಹೊಸ ಎಸ್‌ಎಸ್‌ಡಿ ಹಾಕಿದ ಮೇಲೆ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದರೆ ವಿಂಡೋಸ್ `Initialize Disk` ಎಂದು ಕೇಳುತ್ತದೆ. ಅದು ಹೊಸ ಎಸ್‌ಎಸ್‌ಡಿಯ ಬಗ್ಗೆ ಕೇಳುವುದು. ಗಾಬರಿಯಲ್ಲಿದ್ದಾಗ ಇದೇ ಕಳೆದುಹೋದ ಡಿಸ್ಕ್ ಅಂದುಕೊಂಡು ಏನೇನೋ ಒತ್ತುವವರಿದ್ದಾರೆ. ಸೈಜ್ ಓದಿ ಖಚಿತ ಮಾಡಿಕೊಳ್ಳಿ.

2. ಬಯೋಸ್‌ಗೆ ಹೋಗಿ ಸಾಟಾ ಪಟ್ಟಿ ನೋಡಿ. ಯಾವ ನಂಬರಿನ ಪೋರ್ಟ್‌ಗಳು ಖಾಲಿ ಎಂದು ತೋರಿಸುತ್ತಿದೆ ಎಂಬುದೇ ಮುಖ್ಯ ಸುಳಿವು. ಒಂದರ ಪಕ್ಕ ಒಂದು ನಂಬರ್, ಅದೂ ಕೊನೆಯ ಎರಡು ಒಟ್ಟಿಗೆ ಖಾಲಿ ಅಂದರೆ ಲೇನ್ ಹಂಚಿಕೆಯ ಅನುಮಾನ ಗಟ್ಟಿ. ಕೆಟ್ಟ ಡಿಸ್ಕ್‌ಗಳು ಹೀಗೆ ನಂಬರ್ ನೋಡಿ ಕೆಡುವುದಿಲ್ಲ.

3. ಬೋರ್ಡಿನ ಮ್ಯಾನುಯಲ್ ಪಿಡಿಎಫ್ ತಯಾರಕರ ಸೈಟಿನಿಂದ ಇಳಿಸಿಕೊಳ್ಳಿ. ಮಾಡೆಲ್ ಹೆಸರು ಅಕ್ಷರಕ್ಕೆ ಅಕ್ಷರ ಹೊಂದಬೇಕು. ವೈಫೈ ಇರುವ ಮಾಡೆಲ್, ಚಿಕ್ಕ ಸೈಜಿನ ಮಾಡೆಲ್ ಇವುಗಳ ಲೇನ್ ಜೋಡಣೆ ಬೇರೆ ಇರಬಹುದು. ಪಿಡಿಎಫ್‌ನಲ್ಲಿ `share`, `disabled`, `unavailable` ಈ ಮೂರು ಪದ ಹುಡುಕಿ. ಬೇಕಾದ ಸಾಲು ಎಂ.2 ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಇರುತ್ತದೆ. ಅವರ ಮ್ಯಾನುಯಲ್‌ನಲ್ಲಿ `M2_2` ತುಂಬಿದರೆ ಸಾಟಾ 5 ಮತ್ತು 6 ಕೆಲಸ ಮಾಡುವುದಿಲ್ಲ ಎಂದು ಸ್ಪಷ್ಟವಾಗಿ ಬರೆದಿತ್ತು.

4. ಪಿಸಿ ಪೂರ್ತಿ ಆಫ್ ಮಾಡಿ, ಹಿಂದಿನ ಪವರ್ ಸಪ್ಲೈ ಸ್ವಿಚ್ಚೂ ಆಫ್. ಆಮೇಲೆ 5, 6ರ ಕೇಬಲ್ ತೆಗೆದು 3, 4ಕ್ಕೆ ಹಾಕಿ. ಕಾರ್ಡ್ ಅಡ್ಡ ಬಂದರೆ ಒತ್ತಿ ತುರುಕಬೇಡಿ, ಕಾರ್ಡನ್ನೇ ತೆಗೆದಿಟ್ಟು ಹಾಕಿ. ಜಾಗ ಕಡಿಮೆ ಇದ್ದಲ್ಲಿ ತುದಿ ಮಡಚಿದ ಸಾಟಾ ಕೇಬಲ್ ಸಿಗುತ್ತದೆ, ಅದು ಒಳ್ಳೆಯದು.

5. ಆನ್ ಮಾಡಿ, ಬಯೋಸ್‌ನಲ್ಲಿ ಎಲ್ಲ ಡಿಸ್ಕ್ ಬಂದಿದೆಯಾ ನೋಡಿ. ಬೂಟ್ ಕ್ರಮದಲ್ಲಿ ವಿಂಡೋಸ್ ಇರುವ ಎಸ್‌ಎಸ್‌ಡಿಯೇ ಮೊದಲು ಇದೆಯಾ ಎಂಬುದನ್ನೂ ನೋಡಿ, ಒಮ್ಮೊಮ್ಮೆ ಹಿಂದೆಮುಂದೆ ಆಗಿರುತ್ತದೆ.

ಪೋರ್ಟ್ ಬದಲಾಯಿಸಿದರೆ ಡೇಟಾಗೆ ಏನೂ ಆಗುವುದಿಲ್ಲ. ಮಾಮೂಲಿ ಡಿಸ್ಕ್‌ಗಳ ಡ್ರೈವ್ ಅಕ್ಷರವನ್ನು ವಿಂಡೋಸ್ ನೆನಪಿಟ್ಟುಕೊಳ್ಳುವುದರಿಂದ ಎಡಿಟಿಂಗ್ ಪ್ರಾಜೆಕ್ಟ್‌ಗಳೂ ಫೈಲ್ ಹುಡುಕಿಕೊಳ್ಳುತ್ತವೆ. ಅವರ ನಾಲ್ಕೂ ಡಿಸ್ಕ್ ಅದೇ ಸಂಜೆ ವಾಪಸ್ ಬಂದವು.

ಕೇಬಲ್ ಬದಲಾಯಿಸುವ ಮೊದಲೇ ಖಚಿತ ಮಾಡಿಕೊಳ್ಳಬೇಕು ಅಂದರೆ ಸುಲಭದ ಪರೀಕ್ಷೆ ಒಂದಿದೆ. ಹೊಸ ಎಸ್‌ಎಸ್‌ಡಿಯನ್ನು ತೆಗೆದು ಆನ್ ಮಾಡಿ. ಡಿಸ್ಕ್‌ಗಳು ಬಂದರೆ ಕಾರಣ ಸಿಕ್ಕಿತು. ಬರದಿದ್ದರೆ ಆಗ ಕೇಬಲ್, ಪವರ್ ಕನೆಕ್ಟರ್, ಡಿಸ್ಕ್ ಹೀಗೆ ಒಂದೊಂದಾಗಿ ನೋಡಿ.

ಆರೂ ಪೋರ್ಟ್ ತುಂಬಿದ್ದರೆ?

ಆಗ ಸ್ವಲ್ಪ ಯೋಚನೆ ಬೇಕು. ಸಾಟಾ ಕಾರ್ಡ್ ಒಂದನ್ನು ಚಿಕ್ಕ ಎಕ್ಸ್1 ಸ್ಲಾಟಿಗೆ ಹಾಕುವುದು ನನಗೆ ಇಷ್ಟವಾದ ದಾರಿ. ಜೆನ್ 3ರ ಒಂದೇ ಲೇನ್ ಅಂದರೂ ಸೆಕೆಂಡಿಗೆ ಸುಮಾರು 985 ಎಂಬಿ. ಒಂದು ಹಾರ್ಡ್ ಡಿಸ್ಕ್ 200 ಎಂಬಿ ಓದಿದರೂ ನಾಲ್ಕು ಸೇರಿ 800. ಸಾಕು. `ASM1064` ಚಿಪ್ ಇರುವ ನಾಲ್ಕು ಪೋರ್ಟಿನ ಕಾರ್ಡ್ ಈ ಲೆಕ್ಕಕ್ಕೆ ಸರಿಹೊಂದುತ್ತದೆ. ಎಸ್‌ಎಸ್‌ಡಿಯನ್ನೇ ಅಡಾಪ್ಟರ್ ಕಾರ್ಡಿನಲ್ಲಿ ಕೂರಿಸಿ ಕೆಳಗಿನ ಉದ್ದ ಸ್ಲಾಟಿಗೆ ಹಾಕುವುದು ಇನ್ನೊಂದು ದಾರಿ. ಆ ಸ್ಲಾಟ್ ನೋಡಲು ಹದಿನಾರು ಲೇನಿನಷ್ಟು ಉದ್ದ ಇದ್ದರೂ ಬಿ550ರಲ್ಲಿ ಸಾಮಾನ್ಯವಾಗಿ ಒಳಗೆ ನಾಲ್ಕು ಲೇನ್ ಮಾತ್ರ, ಅದೂ ಚಿಪ್‌ಸೆಟ್‌ನಿಂದ. ಎಸ್‌ಎಸ್‌ಡಿಗೆ ಅಷ್ಟು ಸಾಕಲ್ವಾ.

ಎರಡಕ್ಕೂ ಮುಂಚೆ ಮತ್ತೆ ಮ್ಯಾನುಯಲ್ ನೋಡಿ. ಕೆಲವು ಬೋರ್ಡ್‌ಗಳಲ್ಲಿ ಕೆಳಗಿನ ಉದ್ದ ಸ್ಲಾಟ್ ಮತ್ತು ಚಿಕ್ಕ ಸ್ಲಾಟ್‌ಗಳು ಲೇನ್ ಹಂಚಿಕೊಂಡಿರುತ್ತವೆ. ಇನ್ನು ಕೆಲವದರಲ್ಲಿ ಎರಡನೇ ಎಂ.2 ತುಂಬಿದರೆ ಸಾಟಾ ಹಾಗೇ ಉಳಿಯುತ್ತದೆ, ಕೆಳಗಿನ ಸ್ಲಾಟ್ ಆಫ್ ಆಗುತ್ತದೆ. ಚಿಪ್‌ಸೆಟ್ ಒಂದೇ ಆದ ಮಾತ್ರಕ್ಕೆ ಹಂಚಿಕೆಯೂ ಒಂದೇ ಅಲ್ಲ. ನಿಮ್ಮ ಸ್ನೇಹಿತರ ಬಿ550 ನೋಡಿ ನಿಮ್ಮದನ್ನು ನಿರ್ಧರಿಸಬೇಡಿ.

ಚಿಪ್‌ಸೆಟ್ ಹಿಂದಿನ ಎಸ್‌ಎಸ್‌ಡಿ ನಿಧಾನವಾ?

ಅಳೆದು ನೋಡಿದರೆ ಹೌದು. ಸೆಕೆಂಡಿಗೆ 7000 ಎಂಬಿ ಓದುವ ಜೆನ್ 4 ಎಸ್‌ಎಸ್‌ಡಿಯನ್ನು ಬಿ550ರ ಎರಡನೇ ಸ್ಲಾಟಿಗೆ ಹಾಕಿದರೆ 3500ರ ಹತ್ತಿರ ನಿಲ್ಲುತ್ತದೆ. ಕೆಲಸದಲ್ಲಿ ಗೊತ್ತಾಗುತ್ತದಾ ಎಂಬುದು ಬೇರೆ ಪ್ರಶ್ನೆ. 100 ಮೆಗಾಬಿಟ್‌ನ 4ಕೆ ವಿಡಿಯೋ ಅಂದರೆ ಸೆಕೆಂಡಿಗೆ 12.5 ಎಂಬಿ. ಐದು ಕ್ಯಾಮೆರಾದ ವಿಡಿಯೋ ಒಟ್ಟಿಗೆ ಟೈಮ್‌ಲೈನ್‌ನಲ್ಲಿ ಓಡಿದರೂ 63 ಎಂಬಿ ದಾಟುವುದಿಲ್ಲ. ಅದಕ್ಕೆ 3500 ಬೇಕಾದಷ್ಟಾಯಿತು. ಹಾಗಾಗಿ ಎರಡನೇ ಸ್ಲಾಟಿಗೆಂದು ಜೆನ್ 4ಕ್ಕೆ ಸುಮ್ನೆ ಜಾಸ್ತಿ ದುಡ್ಡು ಹಾಕಬೇಡಿ. ವಿಂಡೋಸ್ ಇರುವುದನ್ನು ಮೊದಲ ಸ್ಲಾಟಿನಲ್ಲಿ ಇಡಿ, ಫೂಟೇಜ್ ಎರಡನೆಯದರಲ್ಲಿ ಇರಲಿ.

ಇಕ್ಕಟ್ಟು ನಿಜವಾಗಿ ಕಾಣುವುದು ಚಿಪ್‌ಸೆಟ್ ಹಿಂದೆ 10 ಗಿಗಾಬಿಟ್ ಲ್ಯಾನ್ ಕಾರ್ಡ್, ಎನ್‌ವಿಎಂಇ ಎಸ್‌ಎಸ್‌ಡಿ ಎರಡೂ ಇದ್ದು, ಎರಡರಿಂದಲೂ ಒಂದೇ ಸಮಯಕ್ಕೆ ಪೂರ್ತಿ ವೇಗದಲ್ಲಿ ಡೇಟಾ ಒಳಗೆ ಬಂದಾಗ. 1.25 ಜಿಬಿ ಮತ್ತು 3.5 ಜಿಬಿ ಸೇರಿದರೆ ಆ ಕೊಂಡಿ ಹೊರಲಾರದು. ಆಗಲೂ ಯಾವುದೂ ಮಾಯವಾಗುವುದಿಲ್ಲ, ವೇಗ ಇಳಿಯುತ್ತದೆ ಅಷ್ಟೇ.

ಗ್ರಾಫಿಕ್ಸ್ ಸ್ಲಾಟ್ ಅರ್ಧ ಆಗಿದೆಯಾ?

ಬಿ550ರಲ್ಲಿ ಎರಡನೇ ಎಂ.2 ತುಂಬಿದರೂ ಸಾಮಾನ್ಯವಾಗಿ ಮೇಲಿನ ಸ್ಲಾಟಿನ 16 ಲೇನ್‌ಗೆ ಏನೂ ಆಗುವುದಿಲ್ಲ. ಆದರೆ ಬೇರೆ ಬೋರ್ಡ್‌ಗಳಲ್ಲಿ ಆಗುತ್ತದೆ. ಮುಖ್ಯವಾಗಿ ಇಂಟೆಲ್‌ನ 12ರಿಂದ 14ನೇ ತಲೆಮಾರಿನ ಪ್ರೊಸೆಸರ್ ಕೂರುವ ಬೋರ್ಡ್‌ಗಳಲ್ಲಿ.

ಈ ಪ್ರೊಸೆಸರ್‌ಗಳಲ್ಲಿ ಗ್ರಾಫಿಕ್ಸ್‌ಗೆಂದು 16 ಜೆನ್ 5 ಲೇನ್ ಇವೆ, ಎಸ್‌ಎಸ್‌ಡಿಗೆಂದು ನಾಲ್ಕು ಜೆನ್ 4 ಲೇನ್. ಎಸ್‌ಎಸ್‌ಡಿಗೆ ಪ್ರತ್ಯೇಕ ಜೆನ್ 5 ಲೇನ್ ಇಲ್ಲವೇ ಇಲ್ಲ. ಆದರೂ ಕೆಲವು ಝಡ್790 ಬೋರ್ಡಿನ ಡಬ್ಬದ ಮೇಲೆ ಜೆನ್ 5 ಎಂ.2 ಎಂದು ದೊಡ್ಡದಾಗಿ ಬರೆದಿರುತ್ತದೆ. ಆ ಲೇನ್ ಬರುವುದು ಗ್ರಾಫಿಕ್ಸ್ ಪಾಲಿನಿಂದ. ಈ ಪ್ರೊಸೆಸರ್‌ಗಳು 16 ಲೇನ್‌ಗಳನ್ನು ಒಂದೋ ಪೂರ್ತಿ ಕೊಡುತ್ತವೆ, ಇಲ್ಲವೇ ಎಂಟು ಎಂಟಾಗಿ ಒಡೆಯುತ್ತವೆ. ಹನ್ನೆರಡು ನಾಲ್ಕು ಎಂದು ಒಡೆಯಲು ಬರುವುದಿಲ್ಲ. ಹಾಗಾಗಿ ಆ ಸ್ಲಾಟಿನಲ್ಲಿ ಎಸ್‌ಎಸ್‌ಡಿ ಕೂತ ಕೂಡಲೇ ಕಾರ್ಡಿಗೆ ಎಂಟು, ಎಸ್‌ಎಸ್‌ಡಿಗೆ ನಾಲ್ಕು, ಉಳಿದ ನಾಲ್ಕು ವ್ಯರ್ಥ. ಹಳೆಯ ಜೆನ್ 3 ಎಸ್‌ಎಸ್‌ಡಿ ಹಾಕಿದರೂ ಇದೇ ಕಥೆ.

ಪರಿಹಾರ ಸುಲಭ: ಆ ಸ್ಲಾಟನ್ನು ಖಾಲಿ ಬಿಡಿ, ಎಸ್‌ಎಸ್‌ಡಿಯನ್ನು ಪಕ್ಕದ ಜೆನ್ 4 ಸ್ಲಾಟಿಗೆ ಹಾಕಿ. ಜೆನ್ 4ರ ಎಂಟು ಲೇನ್‌ನಲ್ಲಿ ಓಡಿದರೂ ಆಟದಲ್ಲಿ ವ್ಯತ್ಯಾಸ ದೊಡ್ಡದಿಲ್ಲ, ಆದರೆ ಕಾರಣವೇ ಇಲ್ಲದೆ ಯಾಕೆ ಬಿಟ್ಟುಕೊಡಬೇಕು? ಅದರ ನಂತರದ ಕೋರ್ ಅಲ್ಟ್ರಾ 200ಎಸ್ ಪ್ರೊಸೆಸರ್‌ಗಳಲ್ಲಿ ಇಂಟೆಲ್ ಎಸ್‌ಎಸ್‌ಡಿಗೆ ಬೇರೆಯೇ ನಾಲ್ಕು ಜೆನ್ 5 ಲೇನ್ ಕೊಟ್ಟಿದೆ.

ನಿಮ್ಮ ಕಾರ್ಡ್ ಎಷ್ಟರಲ್ಲಿ ಓಡುತ್ತಿದೆ ಎಂದು ನೋಡಲು ವಿಂಡೋಸ್‌ನಲ್ಲಿ `GPU-Z` ಸಾಕು. ಅದರಲ್ಲಿ `Bus Interface` ಎಂಬ ಸಾಲು ಇರುತ್ತದೆ. `PCIe x16 4.0 @ x8 4.0` ಎಂದಿದ್ದರೆ ಕಾರ್ಡಿನ ಶಕ್ತಿ ಹದಿನಾರು, ಈಗ ಸಿಗುತ್ತಿರುವುದು ಎಂಟು ಎಂದರ್ಥ. ಲಿನಕ್ಸ್‌ನಲ್ಲಾದರೆ ಎನ್‌ವಿಡಿಯಾ ಕಾರ್ಡಿಗೆ ಹೀಗೆ:

```
lspci | grep VGA
sudo lspci -vv -s 01:00.0 | grep -E "LnkCap:|LnkSta:"
```

ಮೊದಲ ಸಾಲಿನಲ್ಲಿ ಸಿಕ್ಕಿದ ನಂಬರನ್ನು ಎರಡನೆಯದರಲ್ಲಿ `01:00.0` ಇರುವ ಜಾಗಕ್ಕೆ ಹಾಕಿ. `LnkCap` ಅಂದರೆ ಸಾಧ್ಯವಿರುವುದು, `LnkSta` ಅಂದರೆ ಈಗ ಇರುವುದು. ಎರಡರ `Width` ಹೋಲಿಸಿ.

ಇಲ್ಲಿ ಸುಮ್ಮನೆ ಹೆದರುವ ಎರಡು ಸಂದರ್ಭಗಳಿವೆ. ಪಿಸಿ ಖಾಲಿ ಕೂತಿದ್ದಾಗ ಕಾರ್ಡ್ ಕರೆಂಟ್ ಉಳಿಸಲು ಜೆನ್ 1 ವೇಗಕ್ಕೆ ಇಳಿಯುತ್ತದೆ. `GPU-Z`ನಲ್ಲಿ ಆ ಸಾಲಿನ ಪಕ್ಕದ ಪ್ರಶ್ನಾರ್ಥಕ ಚಿಹ್ನೆ ಒತ್ತಿ, ಕಾರ್ಡಿಗೆ ಸ್ವಲ್ಪ ಕೆಲಸ ಕೊಟ್ಟು ಆಮೇಲೆ ಓದಿ. ಇನ್ನೊಂದು, ಆರ್‌ಟಿಎಕ್ಸ್ 4060, ಆರ್‌ಎಕ್ಸ್ 6600 ಇಂಥ ಕಾರ್ಡ್‌ಗಳು ಹುಟ್ಟಿನಿಂದಲೇ ಎಂಟು ಲೇನಿನವು. ಅವು ಎಂಟು ತೋರಿಸಿದರೆ ಎಲ್ಲ ಸರಿ ಇದೆ.

ಹದಿನಾರರ ಕಾರ್ಡ್ ಎಂಟು ಅಥವಾ ನಾಲ್ಕು ತೋರಿಸುತ್ತಿದೆ, ಮ್ಯಾನುಯಲ್‌ನಲ್ಲಿ ಅದಕ್ಕೆ ಯಾವ ಕಾರಣವೂ ಇಲ್ಲ ಎಂದಾದರೆ ಅದು ಹಂಚಿಕೆಯ ವಿಷಯವಲ್ಲ. ಕಾರ್ಡ್ ಸರಿಯಾಗಿ ಕೂತಿಲ್ಲ ಅಥವಾ ತನ್ನ ಭಾರಕ್ಕೆ ಬಾಗಿದೆ, ಇಲ್ಲವೇ ಅದರ ಚಿನ್ನದ ಬಣ್ಣದ ಅಂಚಿನಲ್ಲಿ ಕೊಳೆ ಕೂತಿದೆ. ನಮ್ಮ ಕರಾವಳಿಯ ಉಪ್ಪು ಗಾಳಿ, ಮಳೆಗಾಲದ ತೇವ ಇದಕ್ಕೆ ಸಹಾಯವನ್ನೇ ಮಾಡುತ್ತವೆ. ಕಾರ್ಡ್ ತೆಗೆದು ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ, ನೂಲು ಬಿಡದ ಬಟ್ಟೆಯಿಂದ ಆ ಅಂಚನ್ನು ಒರೆಸಿ. ಪೂರ್ತಿ ಒಣಗಿದ ಮೇಲೆ ಕ್ಲಿಕ್ ಎನ್ನುವವರೆಗೆ ಕೂರಿಸಿ, ಸ್ಕ್ರೂ ಬಿಗಿ ಮಾಡಿ, ಮತ್ತೆ ನೋಡಿ. ಹಂಚಿಕೆಯಿಂದ ಆದದ್ದು ಒರೆಸಿದರೆ ಬದಲಾಗುವುದಿಲ್ಲ. ಕೊಳೆಯಿಂದ ಆದದ್ದು ಸಾಮಾನ್ಯವಾಗಿ ಬದಲಾಗುತ್ತದೆ.

ಪ್ರೊಸೆಸರ್ ಬದಲಾದರೆ ಲೆಕ್ಕವೂ ಬದಲು

ಬೋರ್ಡಿನ ಮೇಲೆ ಬರೆದಿರುವುದು ಗರಿಷ್ಠ ಮಾತ್ರ. ಕೊಡಬೇಕಾದ್ದು ಪ್ರೊಸೆಸರ್. ಅದೇ ಬಿ550 ಬೋರ್ಡಿಗೆ 5600ಜಿ ಅಥವಾ 5500 ಹಾಕಿದರೆ ಗ್ರಾಫಿಕ್ಸ್ ಸ್ಲಾಟ್, ಮೊದಲ ಎಂ.2 ಎರಡೂ ಜೆನ್ 3ಕ್ಕೆ ಇಳಿಯುತ್ತವೆ. ಹದಿನಾರು ಲೇನಿನ ಕಾರ್ಡಿಗೆ ಇದು ದೊಡ್ಡ ವಿಷಯವಲ್ಲ. ಆದರೆ ಆರ್‌ಎಕ್ಸ್ 6500 ಎಕ್ಸ್‌ಟಿ ನಾಲ್ಕೇ ಲೇನಿನ, 4 ಜಿಬಿ ಮೆಮೊರಿಯ ಕಾರ್ಡ್. ಮೆಮೊರಿ ತುಂಬಿ ಡೇಟಾ ಆ ನಾಲ್ಕು ಲೇನ್‌ನಲ್ಲೇ ಓಡಾಡಬೇಕಾದಾಗ ಜೆನ್ 3ರಲ್ಲಿ ಆಟ ತಡವರಿಸುವುದು ಕಣ್ಣಿಗೇ ಕಾಣುತ್ತದೆ. ಎಎಂಡಿಯ ಹೊಸ ಎಎಂ5 ಸಾಕೆಟ್ಟಿನ ಬೋರ್ಡಿಗೆ ರೈಜನ್ 5 8500ಜಿ ಹಾಕುವವರೂ ಗಮನಿಸಿ. ಅದರಲ್ಲಿ ಗ್ರಾಫಿಕ್ಸ್‌ಗೆ ಸಿಗುವುದು ನಾಲ್ಕು ಲೇನ್ ಮಾತ್ರ, ಸ್ಲಾಟ್ ಎಷ್ಟೇ ಉದ್ದ ಇರಲಿ.

ಎಎಂಡಿಯದೇ ಎಕ್ಸ್870 ಬೋರ್ಡ್ ನೋಡುತ್ತಿದ್ದರೆ ಮ್ಯಾನುಯಲ್‌ನಲ್ಲಿ ಇನ್ನೊಂದು ಸಾಲು ಹುಡುಕಿ. ಆ ಬೋರ್ಡ್‌ಗಳಲ್ಲಿ ಯುಎಸ್‌ಬಿ4 ಇರಲೇಬೇಕು, ಅದಕ್ಕೂ ಲೇನ್ ಬೇಕು. ಹಲವು ಮಾಡೆಲ್‌ಗಳಲ್ಲಿ ಅದು ಮತ್ತು ಎರಡನೇ ಎಂ.2 ಸ್ಲಾಟ್ ಪ್ರೊಸೆಸರಿನ ಅದೇ ನಾಲ್ಕು ಲೇನ್‌ಗಳಿಗೆ ಕೈ ಹಾಕುತ್ತವೆ.

ಹೊಸ ಬೋರ್ಡ್ ಕೊಳ್ಳುವವರು ಅಂಗಡಿಗೆ ಹೋಗುವ ಮುಂಚೆ ಒಂದು ಹಾಳೆಯಲ್ಲಿ ನಿಮ್ಮ ಸಾಮಾನು ಬರೆದುಕೊಳ್ಳಿ: ಕಾರ್ಡ್ ಎಷ್ಟು ಲೇನ್, ಎನ್‌ವಿಎಂಇ ಎಷ್ಟು, ಸಾಟಾ ಡಿಸ್ಕ್ ಎಷ್ಟು, ಬೇರೆ ಕಾರ್ಡ್ ಇದೆಯಾ. ಆಮೇಲೆ ಮ್ಯಾನುಯಲ್ ತೆರೆದು ಎಲ್ಲವೂ ಒಟ್ಟಿಗೆ ಕೂತಾಗ ಏನು ಆಫ್ ಆಗುತ್ತದೆ ಎಂದು ಓದಿ. ಆರು ಸಾಟಾ, ಎರಡು ಎಂ.2 ಎಂದು ಡಬ್ಬದ ಮೇಲೆ ಇದ್ದರೆ ಅದು ಇರುವ ಪೋರ್ಟ್‌ಗಳ ಲೆಕ್ಕ. ಒಂದೇ ಸಮಯಕ್ಕೆ ಎಷ್ಟು ಓಡುತ್ತವೆ ಎಂಬ ಲೆಕ್ಕ ಮ್ಯಾನುಯಲ್‌ನಲ್ಲಿ ಮಾತ್ರ ಸಿಗುತ್ತದೆ. ಈಗಾಗಲೇ ಬೋರ್ಡ್ ಇರುವವರು, ಎರಡನೇ ಎಂ.2 ಇವತ್ತು ಖಾಲಿ ಇದ್ದರೂ, ಅದರ ಜೊತೆ ಹಂಚಿಕೊಂಡ ಸಾಟಾ ಪೋರ್ಟ್‌ಗಳನ್ನು ಈಗಲೇ ಖಾಲಿ ಮಾಡಿ, ಡಿಸ್ಕ್‌ಗಳನ್ನು ಹಂಚಿಕೆ ಇಲ್ಲದ ಪೋರ್ಟ್‌ಗಳಿಗೆ ತನ್ನಿ.